ಬಾಗಿಲು ತಟ್ಟುವ ನರ್ಸ್‌ಗೆ ಏನು ತಿಳಿದಿರಬೇಕು?

ನಮ್ಮ ಆಸ್ಪತ್ರೆಗಳಲ್ಲಿ ರೋಗಿ ಮನೆಗೆ ಹೊರಡುವಾಗ ಕೈಗೆ ಬರುವ ಡಿಸ್ಚಾರ್ಜ್ ಸಮ್ಮರಿಯನ್ನು ಸಾಮಾನ್ಯವಾಗಿ ಡ್ಯೂಟಿ ಡಾಕ್ಟರ್ ಬರೆದಿರುತ್ತಾರೆ. ನರ್ಸ್ ಬರೆಯುವುದು ವಾರ್ಡಿನ ನರ್ಸಸ್ ನೋಟ್ಸ್, ಔಷಧಿ ಚಾರ್ಟು, ಪಾಳಿ ಬದಲಾಗುವಾಗಿನ ಹ್ಯಾಂಡೋವರ್. ಮನೆ ಸೇರಿದ ರೋಗಿ ಡ್ರೆಸ್ಸಿಂಗ್‌ಗೆ ಮತ್ತೆ ಒಪಿಡಿಗೆ ಬರುತ್ತಾರೆ, ಇಲ್ಲವೇ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾರೆ. ಒಬ್ಬ ನರ್ಸ್ ಇನ್ನೊಬ್ಬ ನರ್ಸ್‌ಗೆ ಪತ್ರ ಬರೆದು ‘ಇನ್ನು ಮುಂದೆ ಇವರನ್ನು ನೀವು ನೋಡಿಕೊಳ್ಳಿ’ ಎಂದು ಒಪ್ಪಿಸುವ ಸಂದರ್ಭ ಇಲ್ಲಿ ಅಪರೂಪ.

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಇದು ದಿನನಿತ್ಯದ ಕೆಲಸ. ರೋಗಿಯ ಮನೆಗೇ ಹೋಗಿ ಗಾಯ ಕಟ್ಟುವ, ಇನ್ಸುಲಿನ್ ಕೊಡುವ, ಔಷಧಿ ಸರಿಯಾಗಿ ನಡೆದಿದೆಯೇ ಎಂದು ನೋಡುವ ನರ್ಸ್‌ಗಳು ಅಲ್ಲಿದ್ದಾರೆ. ಬ್ರಿಟನ್ನಿನಲ್ಲಿ ಅವರನ್ನು ಡಿಸ್ಟ್ರಿಕ್ಟ್ ನರ್ಸ್ ಎನ್ನುತ್ತಾರೆ. ವಾರ್ಡಿನ ನರ್ಸ್ ಬರೆದ ಪತ್ರ ಓದಿಕೊಂಡು ಅವರು ರೋಗಿಯ ಬಾಗಿಲು ತಟ್ಟುತ್ತಾರೆ.

ಆ ದೇಶಗಳಿಗೆ ಹೋಗಬಯಸುವ ನಮ್ಮ ನರ್ಸ್‌ಗಳಲ್ಲಿ ಅನೇಕರು ಬರೆಯುವ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಅಂದರೆ ಒಇಟಿ, ಕೇಳುವುದು ಇದೇ ಪತ್ರವನ್ನು. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಈ ಪರೀಕ್ಷೆ ವೈದ್ಯರು, ದಂತವೈದ್ಯರು, ಫಾರ್ಮಸಿಸ್ಟರೂ ಸೇರಿ ಒಟ್ಟು 12 ವೃತ್ತಿಗಳವರಿಗೆ ಇದೆ. ಕೇಳುವುದು ಮತ್ತು ಓದುವುದರ ಭಾಗಗಳು ಎಲ್ಲರಿಗೂ ಒಂದೇ. ಬರವಣಿಗೆ ಮತ್ತು ಮಾತು ಮಾತ್ರ ಅವರವರ ವೃತ್ತಿಗೆ ತಕ್ಕಂತೆ ಬೇರೆ. ನರ್ಸ್‌ಗಳ ಬರವಣಿಗೆಯ ಭಾಗದಲ್ಲಿ ಪ್ರಬಂಧವಿಲ್ಲ, ವ್ಯಾಕರಣದ ಪ್ರಶ್ನೆಗಳಿಲ್ಲ. ಒಬ್ಬ ರೋಗಿಯ ಕೇಸ್ ನೋಟ್ಸ್ ಕೊಡುತ್ತಾರೆ, ಯಾರಿಗೆ ಬರೆಯಬೇಕೆಂದು ಹೇಳುತ್ತಾರೆ. ಐದು ನಿಮಿಷ ಓದಲು. ಆಗ ಪೆನ್ನು ಮುಟ್ಟುವಂತಿಲ್ಲ. ಆಮೇಲೆ ನಲವತ್ತು ನಿಮಿಷ ಬರೆಯಲು. ಪತ್ರದ ಒಡಲು ಸುಮಾರು 180ರಿಂದ 200 ಪದ ಇರಬೇಕು.

ಇಂಗ್ಲಿಷ್ ಚೆನ್ನಾಗಿ ಬರುವ ನರ್ಸ್‌ಗಳೂ ಇಲ್ಲಿ ಎಡವುತ್ತಾರೆ. ನಾನು ಓದಿದ ಅಭ್ಯಾಸ ಪತ್ರಗಳಲ್ಲಿ ಭಾಷೆಯ ತಪ್ಪಿಗಿಂತ ಹೆಚ್ಚಾಗಿ ಕಂಡದ್ದು ಬೇರೊಂದು ತೊಂದರೆ: ಕೇಸ್ ನೋಟ್ಸನ್ನು ಮೇಲಿನಿಂದ ಕೆಳಗಿನವರೆಗೆ ವಾಕ್ಯಗಳಾಗಿ ಹಿಗ್ಗಿಸಿ ಅದನ್ನೇ ಪತ್ರ ಎಂದು ಕರೆದಿರುತ್ತಾರೆ. ಕೇಸ್ ನೋಟ್ಸನ್ನು ವಾರ್ಡು ತನ್ನ ಉಪಯೋಗಕ್ಕೆ ಬರೆದುಕೊಂಡಿರುತ್ತದೆ. ಪತ್ರ ಮಾತ್ರ ಇನ್ನೊಬ್ಬರ ಉಪಯೋಗಕ್ಕೆ, ಅವರು ನಾಳೆ ಮಾಡಬೇಕಾದ ಕೆಲಸಕ್ಕೆ. ಇದು ಒಂದು ಪ್ರಕರಣ ಹಿಡಿದು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಈ ಪ್ರಕರಣವನ್ನು ವಿವರಿಸಲೆಂದೇ ಕಟ್ಟಿದ್ದೇನೆ. ರೋಗಿಯ ಹೆಸರು ಮಿಸೆಸ್ ವೈಟ್ ಎಂದಿಟ್ಟುಕೊಳ್ಳೋಣ. ನೋಟ್ಸ್ ಹೀಗಿದೆ:

ವಯಸ್ಸು 76. ವಿಧವೆ, ನಿವೃತ್ತ ಶಾಲಾ ಶಿಕ್ಷಕಿ. ಎರಡು ಮಹಡಿಯ ಮನೆಯಲ್ಲಿ ಒಂಟಿ. ಮಗಳ ಮನೆ ಎರಡು ಗಂಟೆ ದೂರ, ಭಾನುವಾರ ಬರುತ್ತಾಳೆ. ತೋಟಗಾರಿಕೆ ಇಷ್ಟ. ಬೆಕ್ಕು ಇದೆ. ಪೆನ್ಸಿಲಿನ್ ಅಲರ್ಜಿ: ಮೈಮೇಲೆ ದದ್ದು.
ಹಿಂದಿನ ಕಾಯಿಲೆ: ಟೈಪ್ 2 ಡಯಾಬಿಟಿಸ್, ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆರಡು ಸಲ. ರಕ್ತದೊತ್ತಡ, ರಾಮಿಪ್ರಿಲ್ 5 ಮಿ.ಗ್ರಾಂ, ಹತೋಟಿಯಲ್ಲಿದೆ. ಅಪೆಂಡಿಕ್ಸ್ ಆಪರೇಷನ್ 1971. ಕಣ್ಣಿನ ಪೊರೆ ಆಪರೇಷನ್ 2016.
ಮಾರ್ಚ್ 3: ದಾಖಲು. ಎಡ ಮೊಣಕಾಲ ಕೆಳಗೆ ವೀನಸ್ ಅಲ್ಸರ್, 6×4 ಸೆಂ.ಮೀ, ಸೋಂಕು, ಸುತ್ತ ಕೆಂಪು, ಜ್ವರ. ಶುಗರ್ 15.2. ರಕ್ತನಾಳದ ಮೂಲಕ ಆಂಟಿಬಯಾಟಿಕ್ ಶುರು.
ಮಾರ್ಚ್ 4–5: ಊಟ ಕಡಿಮೆ. ಮಲಬದ್ಧತೆ, ಲ್ಯಾಕ್ಟುಲೋಸ್ ಕೊಟ್ಟ ಮೇಲೆ ಸರಿಹೋಯಿತು.
ಮಾರ್ಚ್ 6: ಶುಗರ್ ಇಳಿದಿಲ್ಲ, ಮೆಟ್‌ಫಾರ್ಮಿನ್ 1 ಗ್ರಾಂ ದಿನಕ್ಕೆರಡು ಸಲ.
ಮಾರ್ಚ್ 7: ಜ್ವರವಿಲ್ಲ. ಬಾಯಿಯ ಮೂಲಕ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೊಂದು.
ಮಾರ್ಚ್ 8: ಎಡಗಾಲಿನ ಎಬಿಪಿಐ 0.95.
ಮಾರ್ಚ್ 9: ಕಂಪ್ರೆಷನ್ ಬ್ಯಾಂಡೇಜ್ ಶುರು.
ಮಾರ್ಚ್ 10: ರಾತ್ರಿ ಬ್ಯಾಂಡೇಜ್ ತಾವೇ ಬಿಚ್ಚಿದರು. ‘ಬಿಗಿಯಾಗಿತ್ತು’. ವಿವರಿಸಿ ಮತ್ತೆ ಕಟ್ಟಲಾಯಿತು.
ಮಾರ್ಚ್ 12, ಇಂದು: ಅಲ್ಸರ್ 5×3 ಸೆಂ.ಮೀ, ಕೆಂಪು ಇಳಿದಿದೆ. ಶುಗರ್ 8.4. ವಾಕರ್ ಹಿಡಿದು ನಡೆಯುತ್ತಾರೆ. ಡ್ರೆಸ್ಸಿಂಗ್ ಬದಲಿಸಿ ಡಿಸ್ಚಾರ್ಜ್.
ಮುಂದಿನ ಯೋಜನೆ: ಡ್ರೆಸ್ಸಿಂಗ್ ಮತ್ತು ಕಂಪ್ರೆಷನ್ ವಾರಕ್ಕೆರಡು ಸಲ, ಮೊದಲನೆಯದು ಮಾರ್ಚ್ 15. ಡಾಕ್ಸಿಸೈಕ್ಲಿನ್ ಮಾರ್ಚ್ 15ರವರೆಗೆ. ಶುಗರ್ ಗಮನಿಸಬೇಕು. ವ್ಯಾಸ್ಕುಲರ್ ಕ್ಲಿನಿಕ್ ಮಾರ್ಚ್ 26.

ಕೆಲಸ: ಡಿಸ್ಟ್ರಿಕ್ಟ್ ನರ್ಸ್‌ಗೆ ಪತ್ರ ಬರೆಯಿರಿ.

ಈ ಕೊನೆಯ ಸಾಲನ್ನು ಮೊದಲು ಓದಬೇಕು. ಯಾರಿಗೆ ಬರೆಯುತ್ತಿದ್ದೇವೆ ಎಂದು ತಿಳಿಯದೆ ಮೇಲಿನ ಸಾಲುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳಲಾಗದು. ಅದರ ನಂತರ ಓದಬೇಕಾದದ್ದು ಮುಂದಿನ ಯೋಜನೆ. ಆಮೇಲೆ ಮೊದಲಿನಿಂದ ಓದುತ್ತಾ ಬಂದರೆ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಬಹುದು: ಮಾರ್ಚ್ 15ರಂದು ಮಿಸೆಸ್ ವೈಟ್ ಅವರ ಮನೆಯ ಬಾಗಿಲಲ್ಲಿ ನಿಂತ ನರ್ಸ್‌ಗೆ ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ?

ಅಪೆಂಡಿಕ್ಸ್ ಆಪರೇಷನ್ ಗೊತ್ತಿಲ್ಲದಿದ್ದರೆ ಏನೂ ಆಗುವುದಿಲ್ಲ. ಕಣ್ಣಿನ ಪೊರೆ, ಬೆಕ್ಕು, ತೋಟ, ಬಂದು ವಾಸಿಯಾಗಿ ಹೋದ ಮಲಬದ್ಧತೆ, ಇವೂ ಹಾಗೆಯೇ. ಇವನ್ನು ಬಿಡುವುದು ಕಷ್ಟವಲ್ಲ. ನೋಟ್ಸ್ ಮಾಡುವವರು ಇಂಥ ಸಾಲುಗಳನ್ನು ಬೇಕೆಂದೇ ಇಟ್ಟಿರುತ್ತಾರೆ, ಅಭ್ಯರ್ಥಿ ಆರಿಸುತ್ತಾರೋ ಇಲ್ಲವೋ ನೋಡಲು.

ಎಬಿಪಿಐ ಎಂಬ ಒಂದೇ ಸಾಲಿನ ವಿಷಯ ಹಾಗಲ್ಲ. ಇದು ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದ ಸಂಖ್ಯೆ. ಕಾಲಿಗೆ ಅಪಧಮನಿಗಳಿಂದ ರಕ್ತ ಸಾಕಷ್ಟು ಬರುತ್ತಿದೆಯೇ ಎಂಬುದನ್ನು ಇದು ಹೇಳುತ್ತದೆ. ರಕ್ತವೇ ಸರಿಯಾಗಿ ಬಾರದ ಕಾಲಿಗೆ ಬಿಗಿಯಾದ ಕಂಪ್ರೆಷನ್ ಕಟ್ಟಿದರೆ ಚರ್ಮ ಸಾಯಬಹುದು. ಹಾಗಾಗಿ ಸಂಖ್ಯೆ 0.8ಕ್ಕಿಂತ ಕೆಳಗಿದ್ದರೆ ಪೂರ್ಣ ಬಿಗಿಯ ಕಂಪ್ರೆಷನ್ ಕಟ್ಟುವುದಿಲ್ಲ. 0.95 ಎಂದು ಪತ್ರದಲ್ಲಿದ್ದರೆ ಡಿಸ್ಟ್ರಿಕ್ಟ್ ನರ್ಸ್ ಧೈರ್ಯವಾಗಿ ಕಟ್ಟುತ್ತಾರೆ. ಇಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಬೇಕು, ಅಥವಾ ಅಳತೆ ಸಿಗುವವರೆಗೆ ಚಿಕಿತ್ಸೆ ನಿಲ್ಲಬೇಕು. ಹಲವು ಅಭ್ಯಾಸ ಪತ್ರಗಳಲ್ಲಿ ಬೆಕ್ಕು ಇರುವುದಿಲ್ಲ, ಆದರೆ ಇಂಥ ಸಂಖ್ಯೆಯೂ ಇರುವುದಿಲ್ಲ. ಬೇಡದ್ದನ್ನು ಬಿಡುವ ಅಭ್ಯಾಸ ಬಂದಿದೆ, ಬೇಕಾದ್ದನ್ನು ಗುರುತಿಸುವುದು ಬಂದಿಲ್ಲ. ಇಲ್ಲಿ ನೆರವಿಗೆ ಬರುವುದು ಇಂಗ್ಲಿಷ್ ಪಾಠಕ್ಕಿಂತ ನರ್ಸಿಂಗ್ ಜ್ಞಾನ. ನೋಟ್ಸ್ ಓದುವಾಗ ಪರೀಕ್ಷಾರ್ಥಿಯಾಗಿ ಓದದೆ ಆ ಕಾಲನ್ನು ನಾಳೆ ತಾನೇ ಕಟ್ಟಬೇಕೆಂಬಂತೆ ಓದಿದವರು ಈ ಸಾಲನ್ನು ದಾಟಿ ಹೋಗುವುದಿಲ್ಲ.

ಮೆಟ್‌ಫಾರ್ಮಿನ್ ವಿಷಯವೂ ನಿಂತು ನೋಡತಕ್ಕದ್ದು. ಮೊದಲ ಸಾಲುಗಳಲ್ಲಿ 500 ಮಿ.ಗ್ರಾಂ ಎಂದಿದೆ. ಮಾರ್ಚ್ 6ರಂದು ಅದು 1 ಗ್ರಾಂ ಆಗಿದೆ. ಗಡಿಬಿಡಿಯಲ್ಲಿ ಓದಿದವರು ‘ಹಿಂದಿನ ಕಾಯಿಲೆ’ಯ ಕೆಳಗಿದ್ದ ಡೋಸನ್ನೇ ಪತ್ರಕ್ಕೆ ಇಳಿಸುತ್ತಾರೆ. ಪರೀಕ್ಷೆಯಲ್ಲಿ ಅದು ಕಂಟೆಂಟ್ ವಿಭಾಗದಲ್ಲಿ ಅಂಕ ಕಳೆಯುವ ತಪ್ಪು. ನಿಜವಾದ ಮನೆಯಲ್ಲಾದರೆ ರೋಗಿಯ ಔಷಧಿ ಡಬ್ಬಿಯಲ್ಲಿ ಒಂದು ಡೋಸು, ನರ್ಸ್ ಕೈಯ ಪತ್ರದಲ್ಲಿ ಇನ್ನೊಂದು. ಬದಲಾದ ಔಷಧಿಯನ್ನು ಬರೆಯುವಾಗ ಈಗಿನ ಡೋಸ್ ಎಷ್ಟು, ಅದು ಆಸ್ಪತ್ರೆಯಲ್ಲಿ ಏರಿಸಿದ್ದು ಎಂಬ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಬೇಕು.

ಶುಗರಿನ ಅಂಕೆಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಅದನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತೇವೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್. ಅಲ್ಲಿಯ 8.4 ನಮ್ಮ ಲೆಕ್ಕದಲ್ಲಿ ಸುಮಾರು 151, ಅಲ್ಲಿಯ 15.2 ಸುಮಾರು 274. ಪತ್ರದಲ್ಲಿ ಪರಿವರ್ತನೆ ಬೇಡ, ನೋಟ್ಸಿನಲ್ಲಿದ್ದಂತೆ ಬರೆದರೆ ಸಾಕು. ಆದರೆ 15.2 ಎಷ್ಟು ಹೆಚ್ಚು ಎಂಬ ಅಂದಾಜು ಮನಸ್ಸಿನಲ್ಲಿ ಇಲ್ಲದವರಿಗೆ ಆ ಸಾಲಿನ ತೂಕ ತಿಳಿಯುವುದಿಲ್ಲ.

ಇನ್ನು ಕೆಲವು ಸಾಲುಗಳು ಒಂಟಿಯಾಗಿ ಓದಿದರೆ ಸಪ್ಪೆ, ಜೋಡಿಸಿದರೆ ಮುಖ್ಯ. ‘ಒಂಟಿಯಾಗಿದ್ದಾರೆ’ ಎಂಬುದು ಮೊದಲ ಸಾಲಿನಲ್ಲಿದೆ. ‘ರಾತ್ರಿ ಬ್ಯಾಂಡೇಜ್ ಬಿಚ್ಚಿದರು’ ಎಂಬುದು ಮಾರ್ಚ್ 10ರಲ್ಲಿದೆ. ವಾರ್ಡಿನಲ್ಲಿ ಬಿಚ್ಚಿದಾಗ ಮತ್ತೆ ಕಟ್ಟಲು ನರ್ಸ್ ಇದ್ದರು. ಮನೆಯಲ್ಲಿ ಯಾರೂ ಇಲ್ಲ, ಮಗಳು ಬರುವುದು ಭಾನುವಾರ. ಈ ಎರಡನ್ನು ಸೇರಿಸಿದಾಗ ಡಿಸ್ಟ್ರಿಕ್ಟ್ ನರ್ಸ್‌ಗೆ ಒಂದು ಸ್ಪಷ್ಟ ಕೋರಿಕೆ ಹುಟ್ಟುತ್ತದೆ: ಬ್ಯಾಂಡೇಜ್ ಯಾಕೆ ಬೇಕೆಂದು ಅವರಿಗೆ ಮತ್ತೊಮ್ಮೆ ತಿಳಿಹೇಳಿ, ಬಿಗಿ ಎನಿಸುತ್ತಿದೆಯೇ ಎಂದು ಕೇಳಿ. ಹೀಗೆ ಜೋಡಿಸುವುದಕ್ಕೂ ಇಲ್ಲದ್ದನ್ನು ಸೇರಿಸುವುದಕ್ಕೂ ಅಂತರವಿದೆ. ‘ರೋಗಿ ಸಹಕರಿಸುವುದಿಲ್ಲ’ ಎಂದೋ ‘ಮರೆವಿನ ಕಾಯಿಲೆ ಇರಬಹುದು’ ಎಂದೋ ಬರೆದರೆ ಅದು ನೋಟ್ಸಿನಲ್ಲಿಲ್ಲದ ಮಾತು. ಅವರು ಬಿಚ್ಚಿದ್ದು ಬಿಗಿಯಾಗಿದ್ದುದರಿಂದ, ಅಷ್ಟೇ ಬರೆಯಬೇಕು. ರೋಗಿಯ ಮೇಲೆ ತೀರ್ಪು ಕೊಡುವ ಮಾತು ಆ ವೃತ್ತಿಯ ಪತ್ರದಲ್ಲಿ ಸಲ್ಲದು.

ಈಗ ಪತ್ರ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವುದನ್ನು, ವಿಷಯದ ಆಯ್ಕೆ ಮತ್ತು ಕ್ರಮ ಕಾಣಲೆಂದು, ಕನ್ನಡದಲ್ಲಿ ಕೊಡುತ್ತಿದ್ದೇನೆ. ವಿಳಾಸ, ದಿನಾಂಕ, ಸಂಬೋಧನೆ, ರೋಗಿಯ ಹೆಸರು ವಯಸ್ಸಿನ ಸಾಲು ಇವೆಲ್ಲ ಮೇಲೆ ಬಂದಾಗಿದೆ ಎಂದುಕೊಳ್ಳಿ.

“ಎಡಗಾಲಿನ ಸೋಂಕಿತ ವೀನಸ್ ಅಲ್ಸರ್‌ನಿಂದ ಚೇತರಿಸಿಕೊಳ್ಳುತ್ತಿರುವ ಮಿಸೆಸ್ ವೈಟ್ ಇಂದು ಮನೆಗೆ ಹೋಗುತ್ತಿದ್ದಾರೆ. ವಾರಕ್ಕೆರಡು ಸಲ ಡ್ರೆಸ್ಸಿಂಗ್ ಮತ್ತು ಕಂಪ್ರೆಷನ್ ಬ್ಯಾಂಡೇಜ್ ಬದಲಿಸಲು, ಶುಗರ್ ಗಮನಿಸಲು ಅವರನ್ನು ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ.

“ಮಾರ್ಚ್ 3ರಂದು ದಾಖಲಾದಾಗ ಅಲ್ಸರ್ 6×4 ಸೆಂ.ಮೀ ಇತ್ತು. ಆಂಟಿಬಯಾಟಿಕ್ ಚಿಕಿತ್ಸೆಯಿಂದ ಸೋಂಕು ಇಳಿದಿದ್ದು ಇಂದು 5×3 ಸೆಂ.ಮೀ ಇದೆ. ಎಬಿಪಿಐ 0.95 ಎಂದು ಖಚಿತವಾದ ಮೇಲೆ ಮಾರ್ಚ್ 9ರಿಂದ ಕಂಪ್ರೆಷನ್ ಆರಂಭಿಸಲಾಗಿದೆ. ಮಾರ್ಚ್ 10ರ ರಾತ್ರಿ ಬಿಗಿಯಾಗಿದೆಯೆಂದು ಅವರು ಬ್ಯಾಂಡೇಜ್ ಬಿಚ್ಚಿದ್ದರು.

“ಅವರಿಗೆ ಟೈಪ್ 2 ಡಯಾಬಿಟಿಸ್ ಇದೆ. ದಾಖಲಾದಾಗ 15.2 ಇದ್ದ ಶುಗರ್, ಮೆಟ್‌ಫಾರ್ಮಿನ್ ಅನ್ನು 1 ಗ್ರಾಂ ದಿನಕ್ಕೆರಡು ಸಲಕ್ಕೆ ಏರಿಸಿದ ಮೇಲೆ 8.4ಕ್ಕೆ ಇಳಿದಿದೆ. ರಕ್ತದೊತ್ತಡ ರಾಮಿಪ್ರಿಲ್‌ನಿಂದ ಹತೋಟಿಯಲ್ಲಿದೆ. ಪೆನ್ಸಿಲಿನ್ ಅಲರ್ಜಿ ಇರುವುದನ್ನು ದಯವಿಟ್ಟು ಗಮನಿಸಿ.

“ಮಿಸೆಸ್ ವೈಟ್ ಒಂಟಿಯಾಗಿದ್ದಾರೆ, ವಾಕರ್ ಹಿಡಿದು ನಡೆಯುತ್ತಾರೆ. ಮಗಳು ಭಾನುವಾರ ಬರುತ್ತಾರೆ.

“ಮೊದಲ ಭೇಟಿ ಮಾರ್ಚ್ 15ಕ್ಕೆ ಆಗಬೇಕಿದೆ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೊಂದರಂತೆ ಅಂದೇ ಮುಗಿಯುವುದರಿಂದ ಕೋರ್ಸ್ ಪೂರ್ತಿಯಾಗಿದೆಯೇ, ಸೋಂಕು ಮರುಕಳಿಸಿದೆಯೇ ಎಂದು ನೋಡಿ. ಬ್ಯಾಂಡೇಜ್ ಬಿಚ್ಚದೆ ಇರುವುದು ಯಾಕೆ ಮುಖ್ಯವೆಂದು ಅವರಿಗೆ ಮತ್ತೆ ತಿಳಿಹೇಳಿ. ಮಾರ್ಚ್ 26ಕ್ಕೆ ವ್ಯಾಸ್ಕುಲರ್ ಕ್ಲಿನಿಕ್ ಭೇಟಿ ನಿಗದಿಯಾಗಿದೆ.”

ಉದ್ದೇಶ ಎರಡು ಕಡೆ ಬಂದಿರುವುದನ್ನು ನೋಡಿ. ಮೊದಲ ಪ್ಯಾರಾದಲ್ಲಿ ಚಿಕ್ಕದಾಗಿ, ಕೊನೆಯಲ್ಲಿ ವಿವರವಾಗಿ. ಮೌಲ್ಯಮಾಪಕರು ನೋಡುವ ಆರು ಅಂಶಗಳಲ್ಲಿ ಮೊದಲನೆಯದೇ ಉದ್ದೇಶ. ಅದಕ್ಕೆ ಮೂರು ಅಂಕ, ಉಳಿದ ಐದಕ್ಕೆ ತಲಾ ಏಳು: ವಿಷಯ, ಸಂಕ್ಷಿಪ್ತತೆ ಮತ್ತು ಸ್ಪಷ್ಟತೆ, ಪ್ರಕಾರಕ್ಕೆ ತಕ್ಕ ಶೈಲಿ, ಜೋಡಣೆ ಮತ್ತು ವಿನ್ಯಾಸ, ಭಾಷೆ. ಭಾಷೆಯೆಂಬುದು ಆರರಲ್ಲಿ ಒಂದು ಮಾತ್ರ ಎಂಬುದನ್ನು ವ್ಯಾಕರಣ ಪುಸ್ತಕ ಹಿಡಿದು ಕೂತವರು ಗಮನಿಸಬೇಕು. ಉದ್ದೇಶದ ಪೂರ್ಣ ಅಂಕ ಸಿಗಬೇಕಾದರೆ ಪತ್ರ ತೆರೆದ ಕೂಡಲೇ ಅದು ಕಾಣಬೇಕು, ಮುಂದೆ ಬೇಕಾದಷ್ಟು ಬೆಳೆಯಲೂಬೇಕು. ನಮ್ಮವರ ಪತ್ರಗಳಲ್ಲಿ ಹೆಚ್ಚಾಗಿ ಕಾಣುವುದು ‘ಫಾರ್ ಫರ್ದರ್ ಮ್ಯಾನೇಜ್‌ಮೆಂಟ್’ ಎಂಬ ಮಾತು. ಮಿಸೆಸ್ ವೈಟ್ ಹೆಸರು ತೆಗೆದು ಹೆರಿಗೆಯಾದ ತಾಯಿಯದ್ದೋ ಸೊಂಟ ಮುರಿದ ಅಜ್ಜನದ್ದೋ ಹೆಸರು ಹಾಕಿದರೂ ಆ ವಾಕ್ಯ ಹಾಗೇ ನಿಲ್ಲುತ್ತದೆ. ಯಾವ ರೋಗಿಗೂ ಹೊಂದುವ ವಾಕ್ಯ ಈ ರೋಗಿಯ ಬಗ್ಗೆ ಏನೂ ಹೇಳಿರುವುದಿಲ್ಲ. ‘ಕೈಂಡ್ಲಿ ಡು ದ ನೀಡ್‌ಫುಲ್’ ಕೂಡ ಇದೇ ಜಾತಿಯದು. ಏನು ಮಾಡಬೇಕೆಂದು ಹೇಳಲಿಕ್ಕೇ ಪತ್ರ ಬರೆಯುತ್ತಿರುವಾಗ ಅದನ್ನು ಹೇಳದೆ ಮುಗಿಸಿದಂತೆ.

ಹಾಗೆಯೇ ಪತ್ರದಲ್ಲಿ ದಿನದ ಲೆಕ್ಕ ಕಳೆದುಹೋಗಿರುವುದನ್ನೂ ನೋಡಿ. ನೋಟ್ಸ್ ದಿನದಿಂದ ದಿನಕ್ಕೆ ಸಾಗುತ್ತದೆ, ಪತ್ರ ಒಂದೊಂದು ಪ್ಯಾರಾಕ್ಕೆ ಒಂದು ವಿಷಯ ಹಿಡಿಯುತ್ತದೆ: ಗಾಯ, ಶುಗರ್, ಮನೆ, ಮಾಡಬೇಕಾದ್ದು. ನಾಲ್ಕು ದಿನಗಳ ಇಂಜೆಕ್ಷನ್ ಚಿಕಿತ್ಸೆ ‘ಆಂಟಿಬಯಾಟಿಕ್ ಚಿಕಿತ್ಸೆಯಿಂದ’ ಎಂಬಷ್ಟರಲ್ಲೇ ಮುಗಿದಿದೆ. ಮುಗಿದುಹೋದ ಚಿಕಿತ್ಸೆಗೆ ಅದಕ್ಕಿಂತ ಹೆಚ್ಚು ಜಾಗ ಬೇಡ. ಪದ ಹೆಚ್ಚಾಯಿತೆಂದು ಎಣಿಸಿ ಅಂಕ ಕಳೆಯುವುದಿಲ್ಲ. ಆದರೆ 260 ಪದ ದಾಟಿದ ಪತ್ರ ತೆಗೆದು ನೋಡಿ, ಒಳಗೆ ಅಪೆಂಡಿಕ್ಸೋ ಲ್ಯಾಕ್ಟುಲೋಸೋ ಸಿಗುವ ಸಂಭವ ಬಹಳ.

ಇದೇ ನೋಟ್ಸಿನ ಕೊನೆಯ ಸಾಲನ್ನು ಬದಲಿಸಿ ‘ಡಯಟೀಷಿಯನ್‌ಗೆ ಬರೆಯಿರಿ’ ಎಂದರೆ ಪತ್ರ ಬೇರೆಯಾಗುತ್ತದೆ. ಎಬಿಪಿಐ ಹೊರಗೆ ಹೋಗುತ್ತದೆ, ಅವರು ಬ್ಯಾಂಡೇಜ್ ಕಟ್ಟುವುದಿಲ್ಲ. ಮಾರ್ಚ್ 10ರ ರಾತ್ರಿಯೂ ಹೋಗುತ್ತದೆ. ಬದಲಿಗೆ ಮೊದಲ ದಿನಗಳ ‘ಊಟ ಕಡಿಮೆ’ ಎಂಬ ಸಾಲು ಒಳಗೆ ಬರುತ್ತದೆ. ಆಗ ಬಿಟ್ಟಿದ್ದ ಮಲಬದ್ಧತೆಯೂ ಅರ್ಧ ವಾಕ್ಯದಲ್ಲಿ ಬರಬಹುದು, ಆಹಾರದ ನಾರಿಗೂ ಅದಕ್ಕೂ ಸಂಬಂಧವಿದೆ. ಒಂಟಿಯಾಗಿದ್ದಾರೆ ಎಂಬ ಸಾಲು ಎರಡೂ ಪತ್ರದಲ್ಲಿ ಉಳಿದರೂ ಕಾರಣ ಬೇರೆ: ಅಲ್ಲಿ ಬ್ಯಾಂಡೇಜ್ ನೋಡುವವರಿಲ್ಲ, ಇಲ್ಲಿ ಅಡುಗೆ ಮಾಡಿಕೊಡುವವರಿಲ್ಲ. ಗಾಯ ವಾಸಿಯಾಗಲು ಶುಗರ್ ಹತೋಟಿಯೂ ಪ್ರೋಟೀನೂ ಬೇಕಾದ್ದರಿಂದ ಅಲ್ಸರ್ ಕಾರಣವಾಗಿ ನಿಲ್ಲುತ್ತದೆ, ಅದರ ಅಳತೆ ಬೇಡ. ಒಂದೇ ನೋಟ್ಸಿನಿಂದ ಹೀಗೆ ಇಬ್ಬರಿಗೆ ಎರಡು ಪತ್ರ ಬರೆದು ಪಕ್ಕಪಕ್ಕ ಇಟ್ಟುಕೊಳ್ಳುವುದು, ಹತ್ತು ಮಾದರಿ ಪತ್ರ ಬಾಯಿಪಾಠ ಮಾಡುವುದಕ್ಕಿಂತ ಒಳ್ಳೆಯ ಅಭ್ಯಾಸ ಎಂದು ನನ್ನ ದೃಢ ಅಭಿಪ್ರಾಯ. ಬಾಯಿಪಾಠದ ಪತ್ರ ಇನ್ನೊಬ್ಬ ರೋಗಿಯದು.

ಭಾಷೆಯ ಮಾತಿಗೆ ಬಂದರೆ, ವಾರ್ಡಿನ ಸಂಕ್ಷೇಪಗಳು ಪತ್ರಕ್ಕೆ ನುಸುಳುವುದು ನಮ್ಮವರ ದೊಡ್ಡ ತೊಡಕು. ‘ಕೆ/ಸಿ/ಒ ಡಿಎಂ’ ಎಂದು ದಿನಕ್ಕೆ ಹತ್ತು ಸಲ ಬರೆಯುವ ಕೈ ಅಲ್ಲೂ ಹಾಗೇ ಓಡುತ್ತದೆ. ನೋವಿದ್ದರೆ ಮಾತ್ರ ಮಾತ್ರೆ ಕೊಡಿ ಎನ್ನಲು ನಾವು ‘ಎಸ್‌ಒಎಸ್’ ಎಂದು ಬರೆಯುತ್ತೇವೆ. ಬ್ರಿಟನ್ನಿನ ವಾರ್ಡಿನಲ್ಲಿ ಅದಕ್ಕೆ ‘ಪಿಆರ್‌ಎನ್’ ಎನ್ನುತ್ತಾರೆ, ನಮ್ಮ ಎಸ್‌ಒಎಸ್ ಅಲ್ಲಿನವರಿಗೆ ಗೊತ್ತಾಗದೇ ಹೋಗಬಹುದು. ‘ವೆನ್ ರಿಕ್ವೈರ್ಡ್’ ಎಂದು ಬಿಡಿಸಿ ಬರೆದರೆ ಯಾವ ದೇಶದಲ್ಲೂ ಗೊಂದಲವಿಲ್ಲ. ಇದೇ ಕಾರಣಕ್ಕೆ ದಿನಾಂಕದಲ್ಲಿ ತಿಂಗಳ ಹೆಸರು ಅಕ್ಷರದಲ್ಲಿರಲಿ. 3/12 ಎಂದರೆ ಅಮೆರಿಕದವರಿಗೆ ಮಾರ್ಚ್ 12, ಬ್ರಿಟನ್ನಿನವರಿಗೆ ಡಿಸೆಂಬರ್ 3. ‘ಷಿ ಈಸ್ ಹ್ಯಾವಿಂಗ್ ಡಯಾಬಿಟಿಸ್’ ಎಂಬುದು ನಮ್ಮಲ್ಲಿ ಸಹಜವಾಗಿ ಕೇಳಿಬರುವ ಇಂಗ್ಲಿಷ್. ಪತ್ರದಲ್ಲಿ ‘ಷಿ ಹ್ಯಾಸ್’ ಬೇಕು. ರೋಗಿಯನ್ನು ಬರಿಯ ಮೊದಲ ಹೆಸರಿನಿಂದ ಕರೆಯದೆ ಮಿಸೆಸ್ ವೈಟ್ ಎಂದೇ ಬರೆಯಬೇಕು. ಪತ್ರ ಪಡೆಯುವವರ ಹೆಸರು ಗೊತ್ತಿದ್ದರೆ ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’, ಗೊತ್ತಿಲ್ಲದೆ ಸರ್ ಅಥವಾ ಮೇಡಂ ಎಂದಿದ್ದರೆ ‘ಯುವರ್ಸ್ ಫೇತ್‌ಫುಲಿ’. ‘ರೆಸ್ಪೆಕ್ಟೆಡ್ ಸರ್’ ಎಂಬ ನಮ್ಮ ರಜಾ ಅರ್ಜಿಯ ಧಾಟಿ ಅಲ್ಲಿಲ್ಲ. ಸಹೋದ್ಯೋಗಿಗೆ ಬರೆಯುವ ಪತ್ರದಲ್ಲಿ ವಿನಂತಿ ಇರುತ್ತದೆ, ದೈನ್ಯ ಇರುವುದಿಲ್ಲ.

ಫಲಿತಾಂಶ 500ರ ಅಳತೆಯಲ್ಲಿ ಬರುತ್ತದೆ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಕೇಳುವುದು, ಓದುವುದು, ಮಾತನಾಡುವುದರಲ್ಲಿ 350 ಕೇಳಿದರೆ ಬರವಣಿಗೆಗೆ 300 ಸಾಕೆನ್ನುತ್ತದೆ. ಬರವಣಿಗೆ ಎಷ್ಟು ಜನರನ್ನು ತಡೆದು ನಿಲ್ಲಿಸುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು.

ನಲವತ್ತು ನಿಮಿಷದಲ್ಲಿ ಮೊದಲ ಐದಾರು ನಿಮಿಷ ಆಯ್ಕೆಗೆ ಕೊಟ್ಟು, ನೋಟ್ಸಿನ ಪಕ್ಕದಲ್ಲಿ ಬೇಕಾದ ಸಾಲಿಗೆ ಗುರುತು ಹಾಕಿ, ಯಾವುದು ಯಾವ ಪ್ಯಾರಾಕ್ಕೆ ಎಂದು ಅಂಕೆ ಬರೆದುಕೊಂಡರೆ ಬರೆಯಲು ಇಪ್ಪತ್ತೈದು ನಿಮಿಷ ಸಾಕಾಗುತ್ತದೆ. ಉಳಿದ ಸಮಯವನ್ನು ವಾಕ್ಯ ಚೆಂದ ಮಾಡಲು ಕಳೆಯುವುದಕ್ಕಿಂತ ಪತ್ರದ ಪ್ರತಿ ಡೋಸು, ಪ್ರತಿ ದಿನಾಂಕ, ಎಡ ಬಲವನ್ನು ನೋಟ್ಸಿನೊಂದಿಗೆ ಬೆರಳಿಟ್ಟು ತಾಳೆ ನೋಡಲು ಬಳಸಿ. ಅಲರ್ಜಿ ಬಂದಿದೆಯೇ ನೋಡಿ. ಮಿಸೆಸ್ ವೈಟ್ ಪತ್ರದಲ್ಲಿ ಕೊನೆಗೆ ಪರೀಕ್ಷಿಸಬೇಕಾದ್ದು ನಾಲ್ಕೇ: ಎಡಗಾಲು, 1 ಗ್ರಾಂ, 0.95, ಮಾರ್ಚ್ 15.